ಸಾಯಬಣ್ಣ ಕಾಳು ಕಚ್ಚುವುದನ್ನು ಬಿಟ್ಟ ಬಗೆ

ಸೇಡಂನ ಅಯ್ಯಪ್ಪ ಸಾವಕಾರರ ಬೇಳೆ ಗಿರಣಿಯಲ್ಲಿ ಆಳುಗಳ ಮೇಲಿನ ಮುಕಾದಮನಾಗಿದ್ದ ಸಾಯಬಣ್ಣನ ಹಲ್ಲು ಊರಿಗೆಲ್ಲ ಗೊತ್ತಿತ್ತು. ತೊಗರಿಕಾಳನ್ನು ದವಡೆಗಿಟ್ಟು ಒಮ್ಮೆ ಕಚ್ಚಿದರೆ ಸಾಕು, ರೋಲರಿಗೆ ಹಾಕಬಹುದೋ, ಇನ್ನೂ ಒಂದು ಬಿಸಿಲು ಬೇಕೋ ಎಂದು ಅವನು ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ. ಸುಲೇಪೇಟ ಕಡೆಯ ಹಳ್ಳಿಯೊಂದರಿಂದ ಚೀಲ ಹೊರಲು ಬಂದ ಹಮಾಲನನ್ನು ಈ ಹಲ್ಲೇ ಮುಕಾದಮನನ್ನಾಗಿ ಮಾಡಿತ್ತು. ಆಮೇಲೆ ಅದೇ ಹಲ್ಲು ಅವನ ಕಾಲಿಗೆ ತೊಡರಿಕೊಂಡಿತು. ಆ ಕಥೆಯನ್ನೇ ಈಗ ಹೇಳಹೊರಟಿರುವುದು.

ತೊಗರಿ ಬೇಳೆಯಾಗುವುದು ಸುಮ್ಮನೆ ಆಗುವ ಕೆಲಸವಲ್ಲ. ಕಾಳಿನ ಸಿಪ್ಪೆಯನ್ನು ಮೊದಲು ರೋಲರಿನಲ್ಲಿ ಗೀರಬೇಕು, ಎಣ್ಣೆ ಸವರಬೇಕು, ರಾಶಿ ಮಾಡಿ ಮಲಗಿಸಬೇಕು. ಮರುದಿನದಿಂದ ಗಿರಣಿಯ ಹಿಂದಿನ ಅಂಗಳದಲ್ಲಿ, ಶಹಾಬಾದ ಪರಸಿಕಲ್ಲಿನ ಮೇಲೆ ಹಾಸಿ, ದಿನವೆಲ್ಲ ಕಾಲಿನಿಂದ ಗೆರೆ ಎಳೆಯುತ್ತ ತಿರುವಿಹಾಕಬೇಕು. ಸಂಜೆಗೆ ಮತ್ತೆ ರಾಶಿ ಮಾಡಿ ತಾಡಪತ್ರಿ ಹೊದಿಸಬೇಕು. ಹೀಗೆ ಕೆಲವು ಬಿಸಿಲು ಕಂಡ ಮೇಲೆಯೇ ಅದು ಮತ್ತೆ ರೋಲರಿನ ಮುಖ ನೋಡುವುದು. ಹಸಿ ಉಳಿದರೆ ಸಿಪ್ಪೆ ಬಿಡುವುದಿಲ್ಲ; ಬಿಡಿಸಲು ಮತ್ತೆ ಮತ್ತೆ ಹಾಕಿದರೆ ಬೇಳೆಯೆಲ್ಲ ನುಚ್ಚಾಗಿ ದನದ ಬಾಯಿಗೆ ಹೋಗುತ್ತದೆ. ಅಂಗಳದ ಕೆಲಸವೆಲ್ಲ ಹೆಣ್ಣುಮಕ್ಕಳದು. ಅವರಲ್ಲಿ ಹಿರಿಯಳು ಭೀಮಬಾಯಿ. ರೋಲರು ನೋಡಿಕೊಳ್ಳುವವನು ಮೌಲಾಲಿ.

ಸಾಯಬಣ್ಣ ಹುಟ್ಟಾ ಕಿರಿಕಿರಿಯ ಮನುಷ್ಯನೇನಲ್ಲ. ಮುಕಾದಮನಾದ ಮೊದಲ ಸುಗ್ಗಿಯಲ್ಲಿ ಹಾಡು ಹೇಳಿಕೊಂಡು ಕೆಲಸ ಮಾಡಿಸಿದವನೇ. ಆದರೆ ಆ ವರ್ಷ ಒಂದು ಲಾಟು ಅರೆಹಸಿ ಇರುವಾಗಲೇ ರೋಲರಿಗೆ ಹೋಗಿ ನುಚ್ಚಾಯಿತು. ಅದು ಒಣಗಿದೆಯೆಂದು ನೋಡಿ ಹೇಳಿದ್ದವಳು ಅಂಗಳದ ಒಬ್ಬ ಹೆಣ್ಣುಮಗಳು. ಸಾವಕಾರರು ಮಾತ್ರ ಸಾಯಬಣ್ಣನನ್ನೇ ಅಂಗಳದ ನಡುವೆ ನಿಲ್ಲಿಸಿ, ಎಲ್ಲರೂ ಕೇಳುವಂತೆ ಝಾಡಿಸಿದರು.

"ಯಾರು ಒಣಗಿಸಿದ್ರೂ ನಂಗ ಸಂಬಂಧ ಇಲ್ಲ. ಮಾಲು ಕೆಟ್ರ ನಾ ಕೇಳೋದು ನಿನ್ನ!"

ಆ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು. ಹಮಾಲನಾಗಿದ್ದಾಗ ತನ್ನ ಬೆನ್ನಿನ ಮೇಲಿನ ಚೀಲಕ್ಕಷ್ಟೇ ಅವನು ಜವಾಬ್ದಾರ. ಈಗ ಅಷ್ಟೊಂದು ಕೈಗಳು ಮಾಡಿದ ಕೆಲಸಕ್ಕೆ ಅವನೊಬ್ಬನ ಮರ್ಯಾದೆ ಒತ್ತೆ. ಮನುಷ್ಯ ಹೆದರಿದಾಗ ತನಗೆ ಚೆನ್ನಾಗಿ ಬರುವ ಕೆಲಸವನ್ನೇ ಹಿಡಿದುಕೊಳ್ಳುತ್ತಾನೆ. ಸಾಯಬಣ್ಣನಿಗೆ ಬರುತ್ತಿದ್ದದ್ದು ಕಚ್ಚುವುದು. ಅಂದಿನಿಂದ ಪ್ರತಿ ರಾಶಿಯನ್ನೂ ತಾನೇ ಕಚ್ಚತೊಡಗಿದ.

ಅಷ್ಟಕ್ಕೇ ನಿಂತಿದ್ದರೆ ಸರಿ. ಕಚ್ಚುವುದರಿಂದ ಶುರುವಾದದ್ದು ಕಾಲಿಗೆ ಬಂತು: "ಗೆರಿ ಅಡ್ಡ ಎಳೀಬ್ಯಾಡ, ಉದ್ದ ಎಳಿ." ಕಾಲಿನಿಂದ ಕೈಗೆ: "ಚೀಲಾ ಹೊಲಿಯೋ ದಬ್ಬಣ ಹಂಗ ಹಿಡೀತಾರೇನ?" ಕೊನೆಗೆ ನೀರಿನ ಗಡಿಗೆ ಯಾವ ಗೋಡೆಯ ಬದಿಗಿರಬೇಕೆಂಬುದನ್ನೂ ಅವನೇ ಹೇಳಬೇಕಾಯಿತು. ಹೆಣ್ಣುಮಕ್ಕಳೇನು ದಡ್ಡರೇ? ಹೇಗೆ ಮಾಡಿದರೂ ಮುಕಾದಮ ಬಂದು ತಿದ್ದುತ್ತಾನೆಂದಮೇಲೆ ತಾವು ತಲೆ ಕೆಡಿಸಿಕೊಳ್ಳುವುದನ್ನು ಬಿಟ್ಟರು. ಎಲ್ಲದಕ್ಕೂ "ಅಣ್ಣಾ, ಇದ ಹ್ಯಾಂಗ ಮಾಡಬೇಕ್ರಿ?" ಎಂದು ಬಂದು ನಿಲ್ಲುತ್ತಿದ್ದರು. ಅವರು ಕೇಳಿದಷ್ಟೂ ಸಾಯಬಣ್ಣನಿಗೆ ತಾನಿಲ್ಲದೆ ಇವರಿಗೆ ಗತಿಯಿಲ್ಲ ಎಂಬ ಹೆಮ್ಮೆ. ಮನೆಗೆ ಬಂದರೆ ಹೆಂಡತಿ ಹಣಮಮ್ಮನ ಮುಂದೆ ಅದೇ ಗೋಳು.

"ಒಬ್ಬಾಕಿಗೂ ತಲಿ ಅಂಬೋದಿಲ್ಲ ನೋಡು. ಎಲ್ಲಾ ನಾನs ನೋಡಬೇಕು."

"ಅವರ ತಲಿ ಎಲ್ಲಾ ನೀವs ಇಸಕೊಂಡು ಇಟ್ಟಕೊಂಡೀರಿ, ಪಾಪ, ಅವರೇನ್ ಮಾಡ್ತಾರ?" ಎಂದು ಹಣಮಮ್ಮ ರೊಟ್ಟಿ ತಟ್ಟುತ್ತಲೇ ಹೇಳುತ್ತಿದ್ದಳು. ಅದು ತಮಾಷೆಯೆಂದು ಅವನು ನಕ್ಕು ಸುಮ್ಮನಾಗುತ್ತಿದ್ದ.

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮರುವರ್ಷ ಸಾವಕಾರರು ಚಿತ್ತಾಪುರದಲ್ಲಿ ಇನ್ನೊಂದು ಗಿರಣಿ ಕಟ್ಟಿಸಿದರು. ಚಿತ್ತಾಪುರ ಹಣಮಮ್ಮನ ತವರು. ಅಲ್ಲಿಗೆ ಮ್ಯಾನೇಜರ್ ಬೇಕು, ಗಿರಣಿಯ ಪಕ್ಕದಲ್ಲೇ ಇರಲು ಮನೆ ಕೊಡುತ್ತಾರೆಂಬ ಸುದ್ದಿ ಹಬ್ಬಿತು. ಸೋರುವ ಬಾಡಿಗೆ ಮನೆಯಲ್ಲಿ ಸಂಸಾರ ಮಾಡಿದ್ದ ಸಾಯಬಣ್ಣನಿಗೆ ಆಸೆ ತಡೆಯಲಾಗಲಿಲ್ಲ. ಒಗೆದ ಅಂಗಿ ತೊಟ್ಟುಕೊಂಡು ಸಾವಕಾರರ ಗಾದಿಯ ಮುಂದೆ ಹೋಗಿ ನಿಂತ.

"ಅಲ್ಲಪಾ, ನೀ ಹೋದ್ರ ಇಲ್ಲಿ ಯಾರ್ ನೋಡ್ತಾರ?" ಎಂದರು ಸಾವಕಾರರು.

ಹೊಗಳಿಸಿಕೊಳ್ಳುವ ಅವಕಾಶ ಬಂತೆಂದು ಸಾಯಬಣ್ಣ ಎದೆ ಸೆಟೆಸಿದ. "ಅದು ಖರೇ ಅದರೀ ಸಾವಕಾರ್ರ. ನಾ ಇಲ್ದ ಇಲ್ಲಿ ಒಂದು ಹುಲ್ಲಕಡ್ಡೀನೂ ಅಲ್ಲಾಡಂಗಿಲ್ಲ."

"ಮತ್ತ ನಿನ್ನ ಹ್ಯಾಂಗ ಕಳಿಸ್ಲಿ? ಇದ್ದ ಗಿರಣಿ ಮುಚ್ಚಿ ಹೊಸಾದು ತೆರೀಲೇನ?" ಸಾವಕಾರರು ತಾಂಬೂಲ ಬಾಯಿಗಿಟ್ಟುಕೊಂಡರು. "ನೀ ಇಲ್ದ ಈ ಅಂಗಳ ನಡೀತದ ಅಂತ ತೋರ್ಸು. ಮುಂದಿನ ಸುಗ್ಗಿ ಮುಗಿಯೋತನಕ ಆ ಜಾಗಾ ಹಂಗೇ ಇಡ್ತೀನಿ. ಆಗಲಿಲ್ಲಂದ್ರ ಬ್ಯಾರೆಯವರನ್ನ ನೋಡ್ತೀನಿ."

ಸಾಯಬಣ್ಣನಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾನು ಬೇಕೇ ಬೇಕು ಎನ್ನಿಸಿಕೊಳ್ಳಲು ಇಷ್ಟು ವರ್ಷ ಒದ್ದಾಡಿದ್ದ. ಈಗ ನೋಡಿದರೆ ಅದೇ ಅವನನ್ನು ಗೂಟಕ್ಕೆ ಕಟ್ಟಿಹಾಕಿತ್ತು. ಆದರೂ ಬುದ್ಧಿ ಬರಲಿಲ್ಲ. ಹೆಣ್ಣುಮಕ್ಕಳಿಗೆ ಇನ್ನಷ್ಟು ಗಟ್ಟಿಯಾಗಿ ಹೇಳಿಕೊಟ್ಟರೆ ತಾನಿಲ್ಲದಾಗಲೂ ನಡೆಯುತ್ತದೆ ಎಂದುಕೊಂಡು ಇನ್ನೂ ಎರಡರಷ್ಟು ಬೆನ್ನು ಹತ್ತಿದ.

ಆಗಲೇ ಒಂದು ದಿನ ಮೋಡ ಕವಿಯಿತು. ಸಾಯಬಣ್ಣ ಊಟಕ್ಕೆ ಹೋಗಿದ್ದ. ಭೀಮಬಾಯಿ ಕಾಳು ಒಟ್ಟುಗೂಡಿಸಿ ತಾಡಪತ್ರಿ ಹೊದಿಸಿಬಿಟ್ಟಳು. ಒಂದು ಹನಿಯೂ ಬೀಳಲಿಲ್ಲ, ಬಿಸಿಲು ಫಳ್ಳನೆ ಬಂತು. ಸಾಯಬಣ್ಣ ತಿರುಗಿ ಬಂದವನೇ ಎಲ್ಲರೆದುರು ಕೂಗಾಡಿದ.

"ಅರ್ಧಾ ದಿನದ ಬಿಸಿಲು ಹಾಳ ಮಾಡಿದಿ! ನಿಂಗ ಯಾರ್ ಹೇಳಿದ್ರು ಮುಚ್ಚು ಅಂತ? ಇನ್ನ ಮ್ಯಾಲ ನನ್ನ ಕೇಳದ ಒಂದು ಕಾಳೂ ಮುಟ್ಟಬ್ಯಾಡ!"

"ಹೂಂನ್ರಿ," ಎಂದಳು ಭೀಮಬಾಯಿ.

ಕೆಲವೇ ದಿನಗಳಲ್ಲಿ, ಸಾಯಬಣ್ಣ ಸ್ಟೇಷನ್ನಿನಲ್ಲಿ ಚೀಲಗಳನ್ನು ವ್ಯಾಗನ್ನಿಗೆ ತುಂಬಿಸುತ್ತಿದ್ದಾಗ, ಕಾಗಿಣಾ ಹೊಳೆಯ ಕಡೆಯಿಂದ ಮೋಡ ಕರ್ರಗೆ ಎದ್ದಿತು. ತಾಡಪತ್ರಿ ಹಾಕಿರುತ್ತಾರೆ ಎಂದು ಅವನು ಅಂದುಕೊಳ್ಳುವಷ್ಟರಲ್ಲಿ ಅಂಗಳದ ಹೆಣ್ಣುಮಗಳೊಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಏದುಸಿರು ಬಿಡುತ್ತ ಓಡಿ ಬಂದಳು.

"ಅಣ್ಣಾ, ಭೀಮಬಾಯಕ್ಕ ಕೇಳ್ಕೊಂಡ್ ಬಾ ಅಂದಾಳ್ರಿ. ಮುಚ್ಚಬೇಕೋ, ಬ್ಯಾಡೋ?"

ಅವಳ ಹಣೆಯ ಮೇಲೆ ಮೊದಲ ಹನಿ ಬಿತ್ತು. ಸಾಯಬಣ್ಣ ಆ ಹನಿಯನ್ನೇ ನೋಡಿದ. ಆಮೇಲೆ ವ್ಯಾಗನ್ನೂ ಬಿಟ್ಟು, ಚಪ್ಪಲಿಯನ್ನೂ ಬಿಟ್ಟು ಓಡಿದ. ಓಡಿ ಬರುವಷ್ಟರಲ್ಲಿ ಅಂಗಳದ ತುಂಬ ನೀರು. ಕಾಳು ಪರಸಿಯ ಮೇಲೆ ತೇಲಾಡುತ್ತಿತ್ತು. ಹೆಣ್ಣುಮಕ್ಕಳು ಮಾಡಿನ ಕೆಳಗೆ ಸಾಲಾಗಿ ನಿಂತಿದ್ದರು. ತಾಡಪತ್ರಿಗಳನ್ನು ಹೊರಗೆ ತೆಗೆದು, ಬಿಚ್ಚಿ, ಸಿದ್ಧ ಮಾಡಿಟ್ಟುಕೊಂಡಿದ್ದರು. ಅಪ್ಪಣೆಯೊಂದೇ ಬಾಕಿ ಇತ್ತು.

"ಕಣ್ಣ ಕುರುಡಾಗಿದ್ವೇನ ನಿಮ್ದು?" ಎಂದು ಅವನು ಚೀರಿದ.

"ಕಣ್ಣ ಕಾಣ್ತಿದ್ದವ್ರಿ," ಎಂದಳು ಭೀಮಬಾಯಿ. ದನಿ ಏರಲಿಲ್ಲ. "ನೀವs ಅಂದ್ರೆಲ್ರಿ ಅಣ್ಣಾ, ಕೇಳದ ಒಂದು ಕಾಳೂ ಮುಟ್ಟಬ್ಯಾಡ ಅಂತ. ಮುಚ್ಚಿದ್ರೂ ಬೈಸ್ಕೊಳ್ಳೋದು, ಬಿಟ್ರೂ ಬೈಸ್ಕೊಳ್ಳೋದು. ಹಂಗಿದ್ಮ್ಯಾಲ ಕೇಳೇ ಬೈಸ್ಕೊಂಡ್ರಾತು ಅಂತ ನಿಂತೀವಿ."

ಒಳಗಿನಿಂದ ಮೌಲಾಲಿ ಇಣುಕಿ ನೋಡಿ, ನಗು ಬಂದದ್ದನ್ನು ಮುಚ್ಚಿಕೊಳ್ಳಲು ಮೆಲ್ಲಗೆ ರೋಲರಿನ ಹಿಂದೆ ಸರಿದ. ಸಾಯಬಣ್ಣನಿಗೆ ಬೈಗುಳ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಯಾರನ್ನು ಬೈಯಬೇಕೆಂದೇ ಹೊಳೆಯಲಿಲ್ಲ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಸಾವಕಾರರಿಗೆ ಅವನು ಸುಳ್ಳು ಹೇಳಲಿಲ್ಲ, ತಪ್ಪನ್ನು ಭೀಮಬಾಯಿಯ ಮೇಲೆ ಹಾಕಲೂ ಇಲ್ಲ. ಅಷ್ಟು ಮಾತ್ರ ಅವನ ಪುಣ್ಯ. ಮಳೆ ನಿಂತ ಮೇಲೆ, ಎಲ್ಲರೂ ಸೇರಿ ಕಾಳು ಮತ್ತೆ ಹರಡುವಾಗ, ಅವಳ ಪಕ್ಕದಲ್ಲೇ ಗೆರೆ ಎಳೆಯುತ್ತ ಕೇಳಿದ:

"ಭೀಮಬಾಯಿ, ನಾ ಏನ್ ಮಾಡಬೇಕಂತಿ?"

ಮುಕಾದಮ ಅವಳನ್ನು ಕೇಳಿದ್ದು ಅದೇ ಮೊದಲು. ಅವಳು ಕಾಲು ನಿಲ್ಲಿಸಲಿಲ್ಲ. "ಎಲ್ಲಾ ಒಮ್ಮಿಗೇ ಬಿಡ್ತೀನಿ ಅನಬ್ಯಾಡ್ರಿ, ನಿಮ್ಮ ಕೈಲೆ ಆಗಂಗಿಲ್ಲ. ಮುಚ್ಚೋ ಕೆಲಸ ಒಂದು ನಮಗ ಕೊಟ್ಟ ನೋಡ್ರಿ. ಯಾವಾಗ ಮುಚ್ಚಬೇಕು, ಯಾವಾಗ ತೆಗೀಬೇಕು, ನಾವs ನೋಡ್ತೀವಿ. ಮುಚ್ಚಿದ್ಮ್ಯಾಲ ಮಳಿ ಬರಲಿಲ್ಲಂದ್ರ ಬೈಬ್ಯಾಡ್ರಿ. ಅಷ್ಟs."

ಅಷ್ಟೇ ಎಂದಳಲ್ಲ, ಆ ಅಷ್ಟರಲ್ಲಿ ಸಾಯಬಣ್ಣನ ಪ್ರಾಣ ಹೋಗಿ ಬಂತು. ಮೋಡದ ನೆರಳು ಬಿದ್ದರೆ ಸಾಕು, ಬಾಯಿ ತುರಿಸುತ್ತಿತ್ತು. ಅಂಗಳಕ್ಕೆ ಬೆನ್ನು ಹಾಕಿ, ಒಟ್ಟಿದ ಚೀಲಗಳ ಥಪ್ಪಿಯ ಹಿಂದೆ ಹೋಗಿ ಕೂರುತ್ತಿದ್ದ. ಒಮ್ಮೆ ಅವಳು ಮುಚ್ಚಿಸಿದಳು, ಮಳೆ ಬರಲಿಲ್ಲ. ಅವನು ಎದ್ದು ಅಂಗಳದವರೆಗೆ ಬಂದು, ನಿಂತು, ತಿರುಗಿ ಹೋದ. ಸಂಜೆ ಮಾತ್ರ ಕೇಳಿದ, "ಇವತ್ತ ಏನ್ ನೋಡಿ ಮುಚ್ಚಿಸಿದಿ?" ಗಾಳಿ ತಣ್ಣಗಾದದ್ದನ್ನು ನೋಡಿ ಎಂದಳು. ತಾನಾಗಿದ್ದರೂ ಮುಚ್ಚಿಸುತ್ತಿದ್ದೆ ಎಂದು ಅವನಿಗೆ ಅನ್ನಿಸಿತು, ಹಾಗೆಂದು ಹೇಳಿಯೂಬಿಟ್ಟ. ಆ ಮೇಲಿಂದ ಅವನು ಕೇಳದೆಯೇ ಅವಳು ಕಾರಣ ಹೇಳತೊಡಗಿದಳು.

ಮುಂದಿನ ಸುಗ್ಗಿಗೆ ಕಚ್ಚುವ ಪಾಳಿ ಬಂತು. ಇದು ಕಷ್ಟದ್ದು. ಇಬ್ಬರೂ ಕಚ್ಚುವುದು, ಆದರೆ ಮೊದಲು ಭೀಮಬಾಯಿ ಹೇಳಬೇಕು ಎಂದು ಗೊತ್ತು ಮಾಡಿಕೊಂಡರು. ಅವನು ಮೊದಲು ಬಾಯಿ ಬಿಟ್ಟರೆ ಅವಳು "ಹೌದ್ರಿ" ಎಂದುಬಿಡುತ್ತಿದ್ದಳು, ಅದರಿಂದ ಏನುಪಯೋಗ? ಅವಳು "ಆಗ್ಯಾದ" ಎನ್ನುವುದು, ಅವನು "ಇಲ್ಲ, ನಡುವ ಮೆತ್ತಗದ" ಎನ್ನುವುದು, ಆಗ ಇಬ್ಬರೂ ಇನ್ನೊಂದು ಹಿಡಿ ತೆಗೆದು ಕಚ್ಚುವುದು. ಬರಬರುತ್ತ ಇಬ್ಬರ ಮಾತೂ ಒಂದೇ ಆಗತೊಡಗಿತು. ಆಗ ಸಾಯಬಣ್ಣ ರಾಶಿರಾಶಿಗೂ ಹೋಗುವುದನ್ನು ಬಿಟ್ಟ. ಬೆಳಿಗ್ಗೆ ರೋಲರಿಗೆ ಹೋಗುವ ರಾಶಿಯನ್ನಷ್ಟೇ ಕಚ್ಚುತ್ತಿದ್ದ. ಕೆಲವು ವಾರಗಳಾದ ಮೇಲೆ ಅದನ್ನೂ ಬಿಟ್ಟು, ದಿನದ ಕೊನೆಗೆ ಮೌಲಾಲಿಯ ಹತ್ತಿರ ಹೋಗಿ ನುಚ್ಚಿನ ಚೀಲ ನೋಡಿ ಬರತೊಡಗಿದ.

"ನಂಗ ಬೇಕಾದ್ದು ಇಷ್ಟs," ಎಂದು ಹೆಣ್ಣುಮಕ್ಕಳಿಗೆ ಹೇಳಿದ. "ಬ್ಯಾಳಿ ಇಡಿಯಾಗಿ ಬರ್ಬೇಕು, ನುಚ್ಚು ಏರಬಾರ್ದು. ಗೆರಿ ಅಡ್ಡಾನಾದ್ರೂ ಎಳೀರಿ, ಉದ್ದಾನಾದ್ರೂ ಎಳೀರಿ. ಕಾಳಿಗೆ ಬೂಷ್ಟು ಬಂತಂದ್ರ, ಮಷೀನು ಕೆಟ್ಟಿತಂದ್ರ, ಅಷ್ಟಕ್ಕ ಮಾತ್ರ ನನ್ನ ಕರೀರಿ."

ನೀರಿನ ಗಡಿಗೆ ಮರುದಿನವೇ ಬೇರೆ ಗೋಡೆಗೆ ಹೋಯಿತು. ಅವನು ಅದನ್ನು ನೋಡಿಯೂ ನೋಡದವನಂತೆ ದಾಟಿ ಹೋದ.

ಇಷ್ಟು ಹೇಳಿದರೆ ಎಲ್ಲ ಸಲೀಸಾಗಿ ನಡೆಯಿತೆಂದು ತಿಳಿದೀರಿ. ಎಲ್ಲಿಯ ಸಲೀಸು! ಒಂದು ದಿನ ಸಾವಕಾರರು ತಾವೇ ಅಂಗಳಕ್ಕೆ ಬಂದರು. ಅವರ ಬಿಳಿ ಧೋತರ ಕಂಡದ್ದೇ ತಡ, ಸಾಯಬಣ್ಣನ ಮೈಯಲ್ಲಿ ಹಳೆಯ ಮುಕಾದಮ ಎದ್ದು ಕೂತ. "ಏ, ಸರೀರಿ, ಹಂಗಲ್ಲ!" ಎಂದು ಹೆಣ್ಣುಮಕ್ಕಳನ್ನು ಬದಿಗೆ ಸರಿಸಿ ತಾನೇ ಗೆರೆ ಎಳೆದ, ತಾನೇ ಬೊಗಸೆ ತುಂಬಿ ಕಚ್ಚಿದ, ತಾನೇ ಹೇಳಿದ. ಸಾವಕಾರರು ತಲೆಯಾಡಿಸಿ ಹೋದರು. ಅವರು ಹೋದ ಮೇಲೆ ನೋಡಿದರೆ ಅಂಗಳದಲ್ಲಿ ಒಂದು ಕಾಲೂ ಆಡುತ್ತಿರಲಿಲ್ಲ.

"ಈ ರಾಶಿ ಹ್ಯಾಂಗದ ಭೀಮಬಾಯಿ?" ಎಂದು ಅವನು ಕೇಳಿದ.

"ನೀವs ಕಚ್ಚಿ ನೋಡ್ರಿ ಅಣ್ಣಾ. ನಮ್ಮ ಹಲ್ಲು ಸಾವಕಾರ್ರು ಇಲ್ದಾಗ ಅಷ್ಟs ಚಲೋ ಇರ್ತಾವ," ಎಂದು ಅವಳು ಕಸಬರಿಗೆ ತೆಗೆದುಕೊಂಡಳು.

ಒಂದು ವರ್ಷ ಕಟ್ಟಿದ್ದು ಒಂದು ಗಳಿಗೆಯಲ್ಲಿ ಕುಸಿಯಿತು. ಸಾಯಬಣ್ಣ ಆ ರಾತ್ರಿ ರೊಟ್ಟಿ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ಸೇರಿದಾಗ, ಬೈಯುವಾಗ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, "ನಿನ್ನಿ ನಂದು ತಪ್ಪಾತು. ಸಾವಕಾರ್ರನ್ನ ಕಂಡು ಹೆದರಿದೆ," ಎಂದ. ಭೀಮಬಾಯಿ ರಾಶಿಯ ಹತ್ತಿರ ಹೋಗಿ ಒಂದು ಕಾಳು ಬಾಯಿಗೆ ಹಾಕಿಕೊಂಡಳು. "ಇನ್ನೊಂದು ಬಿಸಿಲು ಬೇಕ್ರಿ," ಎಂದಳು.

ಸುಗ್ಗಿಯ ನಡುವೆ ಹೆಣ್ಣುಮಕ್ಕಳದೂ ಒಂದು ತಪ್ಪಾಯಿತು. ಒಂದು ರಾಶಿ ಹಸಿಯಾಗಿಯೇ ಹೋಗಿ, ಮೌಲಾಲಿ ಅರ್ಧಕ್ಕೇ ರೋಲರಿನ ಪಟ್ಟಾ ನಿಲ್ಲಿಸಿ ಕೂಗಿದ. ಎಲ್ಲವನ್ನೂ ಮರಳಿ ತನ್ನ ಕೈಗೆ ತೆಗೆದುಕೊಳ್ಳಲು ಸಾಯಬಣ್ಣನಿಗೆ ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಹಲ್ಲು ಕಚ್ಚಿ ಕೇಳಿದ, "ಈಗೇನ್ ಮಾಡೋಣು?" ಹೆಣ್ಣುಮಕ್ಕಳು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಉಳಿದ ಕಾಳು ಹೊರಗೆ ತೆಗೆದು ಮತ್ತೆ ಹಾಸಿದರು. ರಾಶಿಯ ಮೇಲಿನ ಕಾಳಷ್ಟೇ ಕಚ್ಚಿದ್ದರಿಂದ ಹೀಗಾಯಿತು, ಇನ್ನು ಮೇಲೆ ಬುಡದಿಂದಲೂ ತೆಗೆದು ಕಚ್ಚಬೇಕು ಎಂದು ತಾವೇ ಗೊತ್ತು ಮಾಡಿಕೊಂಡರು. ಮತ್ತೆ ಆ ತಪ್ಪು ಆಗಲಿಲ್ಲ.

ಸುಗ್ಗಿ ಮುಗಿಯುವ ಮುಂಚೆ ಸಾವಕಾರರು ಅವನನ್ನು ಕರೆಸಿದರು. "ಎಂಟು ದಿನ ಗಿರಣಿ ಕಡೆ ಕಾಲಿಡಬ್ಯಾಡ. ಏನಾಗ್ತದ ನೋಡೋಣು."

ಆ ಎಂಟು ದಿನ ಹಣಮಮ್ಮನಿಗೆ ಸಾಕುಸಾಕಾಯಿತು. ಒಲೆಯ ಮುಂದೆ ಬಂದು ಕೂತು, "ರೊಟ್ಟಿ ಅಂಚು ದಪ್ಪಾತು, ಉರಿ ಸಣ್ಣ ಮಾಡು," ಎಂದು ಶುರುಮಾಡಿದ. "ಎದ್ದು ಹೊರಗ ನಡೀರಿ ಮೊದ್ಲ! ಗಿರಣಿಯವರ ಪೀಡಾ ತಪ್ಪಿ ನನ್ನ ಕೊರಳಿಗೆ ಬಿತ್ತು," ಎಂದು ಅವಳು ಹಿಟ್ಟಿನ ಕೈಯಲ್ಲೇ ಅಟ್ಟಿದಳು. ಹೊರಗಿನ ಕಟ್ಟೆಯ ಮೇಲೆ ಕೂತು ಅವನು ಗಿರಣಿಯ ದಾರಿ ನೋಡುತ್ತಿದ್ದ. ಯಾರಾದರೂ ಓಡಿ ಬರುತ್ತಾರೆ, ಏನಾದರೂ ಕೇಳುತ್ತಾರೆ ಎಂದು ಒಳಗೊಳಗೇ ಆಸೆ. ಬಂದರೆ ಚಿತ್ತಾಪುರ ಹೋಯಿತು ಎಂದೂ ಗೊತ್ತು. ಆದರೂ ಆಸೆ. ಒಬ್ಬರೂ ಬರಲಿಲ್ಲ. ಒಂದು ಸಂಜೆ ಮೌಲಾಲಿ ಬಂದ. ಸಾಯಬಣ್ಣ ಚಂಗನೆ ಎದ್ದು ನಿಂತ.

"ಯಾಕೋ, ಏನಾತು?"

"ಏನಾಗ್ಬೇಕು? ಚಾ ಕುಡೀಲಿಕ್ಕ ಬಂದೀನಿ," ಎಂದ ಮೌಲಾಲಿ. ಗಿರಣಿಯ ಮಾತನ್ನೇ ಎತ್ತದೆ, ಚಾ ಕುಡಿದು, ಬೀಡಿ ಸೇದಿ, ಎದ್ದು ಹೋದ. ಸಾಯಬಣ್ಣನಿಗೆ ಅಳು ಬಂದಂತಾಯಿತು.

ಒಂಬತ್ತನೆಯ ದಿನ ಸಾವಕಾರರು ಅವನನ್ನು ಗಾದಿಯ ಮುಂದೆ ಕರೆಸಿದರು. "ಬ್ಯಾಳಿ ಚಲೋ ಬಂದಾವ. ಮಧ್ಯಾಹ್ನದ ಗಾಡಿಗೆ ಚಿತ್ತಾಪುರಕ್ಕ ಹೋಗಿ ಜಾಗಾ ನೋಡ್ಕೊಂಡ್ ಬಾ. ನಾಳಿಂದ ನೀ ಅಲ್ಲಿ ಮ್ಯಾನೇಜರ್. ಇಲ್ಲಿದು ಭೀಮಬಾಯಿ ನೋಡ್ತಾಳ."

ಸಾಯಬಣ್ಣ ಗಾಡಿಗೆ ಹೊರಟವನು ಅಂಗಳದವರಿಗೆ ಹೇಳಿ ಹೋಗೋಣವೆಂದು ಹಿಂದಿನ ಬಾಗಿಲಿಗೆ ಬಂದ. ಏನೇನು ಹೇಳಬೇಕೆಂದು ದಾರಿಯಲ್ಲೇ ಯೋಚಿಸಿಕೊಂಡು ಬಂದಿದ್ದ. ಎಲ್ಲರೂ ಸುತ್ತುಗಟ್ಟುತ್ತಾರೆ, ಒಂದಿಬ್ಬರಾದರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ ಎಂದುಕೊಂಡಿದ್ದ. ಒಳಗೆ ಕಾಳು ತಿರುವುವ ಹೊತ್ತು. ಕಾಲುಗಳು ಒಂದೇ ಲಯದಲ್ಲಿ ಹೋಗುತ್ತಿದ್ದವು, ಬರುತ್ತಿದ್ದವು. ಭೀಮಬಾಯಿ ಅವನನ್ನು ನೋಡಿ ಕೈಯೆತ್ತಿದಳು.

"ಬರ್ರಿ ಅಣ್ಣಾ, ಅಲ್ಲೇ ನೆಳ್ಳಾಗ ಕುಂದ್ರಿ. ಈ ಪಾಳಿ ಮುಗಿಸಿ ಬರ್ತೀನಿ. ಬಿಸಿಲು ಭಾಳ ಚಲೋ ಬಿದ್ದಾದ, ಬಿಡಂಗಿಲ್ಲ ಈಗ."

"ನಂದು ಗಾಡಿ..." ಎಂದ ಸಾಯಬಣ್ಣ.

ಅವಳು ಆಗಲೇ ತಿರುಗಿಬಿಟ್ಟಿದ್ದಳು. ಅವನು ಮಾಡಿನ ಕೆಳಗೆ ಹೋಗಿ ಚೀಲದ ಮೇಲೆ ಕೂತ. ಅವರ ಗೆರೆಗಳು ಅಡ್ಡವೂ ಇರಲಿಲ್ಲ, ಉದ್ದವೂ ಇರಲಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಹೋಗುತ್ತಿದ್ದವು. ಹಾಗೆ ಯಾಕೆಂದು ಅವನಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಬೇಸರವೂ ಆಯಿತು, ಜೊತೆಗೇ ಎಂಥದೋ ಹಗುರವೂ ಆಯಿತು, ಯಾವುದು ಹೆಚ್ಚೆಂದು ಹೇಳಲು ಬರುವಂತಿರಲಿಲ್ಲ. ಸ್ಟೇಷನ್ನಿನ ಕಡೆಯಿಂದ ಚಿತ್ತಾಪುರದ ಗಾಡಿ ಸೀಟಿ ಹಾಕಿತು. ಭೀಮಬಾಯಿ ತಲೆಯೆತ್ತಲಿಲ್ಲ. ಸಾಯಬಣ್ಣನೂ ಏಳಲಿಲ್ಲ. ಸಂಜೆಗೆ ಇನ್ನೊಂದು ಗಾಡಿಯಿತ್ತು.